ಹಬ್ಬದ ದಿನ ಹೂವು ಮೂರು ಪಟ್ಟು ಏರುತ್ತೆ, ಬಂಗಾರ ಯಾಕೆ ಏರಲ್ಲ?

2025ರ ಏಪ್ರಿಲ್ 22. ಅವತ್ತು ದೇಶದ ಚಿನಿವಾರ ಪೇಟೆಯಲ್ಲಿ 10 ಗ್ರಾಂ ಗಟ್ಟಿ ಬಂಗಾರ ಮೊದಲ ಸಲ ಒಂದು ಲಕ್ಷ ರೂಪಾಯಿ ದಾಟಿತು. ದಾವಣಗೆರೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಮಗಳ ಮದುವೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಎಂಟು ದಿನಕ್ಕೆ ಅಕ್ಷಯ ತೃತೀಯ. ಚಿಕ್ಕಮ್ಮ ಮೊಬೈಲಿನಲ್ಲಿ ರೇಟು ನೋಡಿ, "ಅಕ್ಷಯ ತದಿಗೆ ಬಂತಲ್ಲ, ಅದಕ್ಕೇ ಏರ್ಸಿಬಿಟ್ಟಾರೆ. ಇನ್ನೂ ಏರುತ್ತೆ, ಇವತ್ತೇ ಬುಕ್ ಮಾಡಿ ಬನ್ನಿ" ಅಂದರು. ಚಿಕ್ಕಪ್ಪ ಹೋಗಿ ಅವತ್ತಿನ ರೇಟಿಗೇ ಅಡ್ವಾನ್ಸ್ ಕೊಟ್ಟು ಬಂದರು.

ಅಕ್ಷಯ ತೃತೀಯ ಬರುವಷ್ಟರಲ್ಲಿ ರೇಟು ಗ್ರಾಂಗೆ ಮುನ್ನೂರು ರೂಪಾಯಿಯಷ್ಟು ಇಳಿದಿತ್ತು.

ಚಿಕ್ಕಮ್ಮನ ಮಾತು ಪೂರ್ತಿ ತಪ್ಪಲ್ಲ. ಹಬ್ಬ ಮತ್ತು ಮದುವೆ ಕಾಲದಲ್ಲಿ ಬೇಡಿಕೆ ಏರುವುದು ನಿಜ. ಅದರಿಂದ ನಾವು ಕೊಡುವ ದುಡ್ಡು ಹೆಚ್ಚಾಗುವುದೂ ನಿಜ. ಆದರೆ ಹೆಚ್ಚಾಗುವುದು ನಾವು ನೋಡುವ ಜಾಗದಲ್ಲಲ್ಲ. ನಾವು ಬೋರ್ಡಿನ ರೇಟನ್ನೇ ದಿಟ್ಟಿಸುತ್ತಾ ಕೂರುತ್ತೇವೆ. ಸೀಸನ್ನಿನ ಭಾರ ಬೀಳುವುದು ಬಿಲ್ಲಿನ ಬೇರೆ ಸಾಲುಗಳ ಮೇಲೆ. ಅದು ಯಾವ ಸಾಲು, ಎಷ್ಟು ಭಾರ ಅಂತ ಒಂದೊಂದಾಗಿ ನೋಡೋಣ.

## ಬೋರ್ಡಿನ ರೇಟು ಎಲ್ಲಿಂದ ಬರುತ್ತೆ?

ಮಂಡಿಪೇಟೆಯಲ್ಲಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆದವರು ಬೋರ್ಡಿನ ಮೇಲೆ ಹಾಕುವ ರೇಟು ದಾವಣಗೆರೆಯಲ್ಲಿ ಹುಟ್ಟಿದ್ದಲ್ಲ. ನಾವು ದೇಶದಲ್ಲಿ ಬಳಸುವ ಬಂಗಾರದಲ್ಲಿ ಬಹುಪಾಲು ಹೊರಗಿನಿಂದ ಬರುವಂಥದ್ದು. ಹಾಗಾಗಿ ಮೂಲ ಬೆಲೆ ಡಾಲರ್‌ನಲ್ಲಿರುತ್ತದೆ. ಲಂಡನ್‌ನಲ್ಲಿ ದಿನಕ್ಕೆ ಎರಡು ಸಲ ಒಂದು ಔನ್ಸ್‌ಗೆ ಇಷ್ಟು ಡಾಲರ್ ಅಂತ ಬೆಲೆ ಗೊತ್ತುಮಾಡುತ್ತಾರೆ. ಬಂಗಾರದ ಔನ್ಸ್ ಅಂದರೆ 31.1 ಗ್ರಾಂ. ಅದನ್ನು ರೂಪಾಯಿಗೆ ತಿರುಗಿಸಿ, ಆಮದು ಸುಂಕ ಸೇರಿಸಿದರೆ ನಮ್ಮ ದೇಶದ ಬೆಲೆ ಸಿಗುತ್ತದೆ.

ಲೆಕ್ಕ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ಔನ್ಸ್‌ಗೆ 4,000 ಡಾಲರ್, ಡಾಲರ್‌ಗೆ 88 ರೂಪಾಯಿ, ಸುಂಕ 100ಕ್ಕೆ 6.

```
4,000 × 88 ÷ 31.1 = 11,318
11,318 × 1.06 = 11,997
```

ಅಂದರೆ ಒಂದು ಗ್ರಾಂ ಗಟ್ಟಿ ಬಂಗಾರಕ್ಕೆ, 24 ಕ್ಯಾರೆಟ್‌ನದ್ದಕ್ಕೆ, ಹೆಚ್ಚುಕಮ್ಮಿ 12,000 ರೂಪಾಯಿ. ಒಡವೆ ಮಾಡುವುದು 22 ಕ್ಯಾರೆಟ್‌ನಲ್ಲಿ. ಅದರಲ್ಲಿ ಸಾವಿರ ಪಾಲಿಗೆ 916 ಪಾಲು ಅಪ್ಪಟ ಬಂಗಾರ, ಉಳಿದದ್ದು ತಾಮ್ರ, ಬೆಳ್ಳಿ. ಒಡವೆ ಮೇಲೆ 916 ಅಂತ ಮುದ್ರೆ ಇರುವುದು ಅದಕ್ಕೇ. 12,000ವನ್ನು 0.916ರಿಂದ ಗುಣಿಸಿದರೆ 10,992. ಸುಮಾರು 11,000. ಬೋರ್ಡಿನಲ್ಲಿ ಕಾಣುವ 22 ಕ್ಯಾರೆಟ್ ರೇಟು ಇದು.

ಈ ಲೆಕ್ಕದಲ್ಲಿ ಅಕ್ಷಯ ತೃತೀಯ ಎಲ್ಲಿದೆ? ಇಲ್ಲವೇ ಇಲ್ಲ. ಡಾಲರ್ ಬೆಲೆ ಇದೆ, ರೂಪಾಯಿ ಇದೆ, ಸುಂಕ ಇದೆ. ಡಾಲರ್ ಬೆಲೆಯನ್ನು ಕುಣಿಸುವವರು ಬೇರೆ. ಅಮೆರಿಕದ ಬಡ್ಡಿ ದರ, ಯುದ್ಧ, ಬೇರೆ ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳ ಖರೀದಿ, ಹೂಡಿಕೆದಾರರ ಭಯ, ಇಂಥವು. ವಿಶ್ವ ಚಿನ್ನ ಮಂಡಳಿಯ ಲೆಕ್ಕದಲ್ಲಿ 2024ರಲ್ಲಿ ಭಾರತದವರು ಕೊಂಡದ್ದು ಸುಮಾರು 803 ಟನ್. ಜಗತ್ತಿನ ಒಟ್ಟು ಬೇಡಿಕೆಯಲ್ಲಿ ಆರನೇ ಒಂದು ಪಾಲು. ಚಿಕ್ಕದೇನಲ್ಲ. ಆದರೆ ಲಂಡನ್, ನ್ಯೂಯಾರ್ಕ್, ಶಾಂಘೈಗಳಲ್ಲಿ ಕಾಗದದ ಮೇಲೆ ಒಂದೇ ದಿನ ಕೈಬದಲಾಗುವ ಬಂಗಾರ ಅದಕ್ಕಿಂತ ಜಾಸ್ತಿ. ಅಷ್ಟು ದೊಡ್ಡ ಹೊಳೆಯಲ್ಲಿ ನಮ್ಮ ಒಂದು ಹಬ್ಬದ ಖರೀದಿ ಅಲೆ ಎಬ್ಬಿಸುವುದು ಕಷ್ಟ.

## ಹೂವು ಮತ್ತು ಬಂಗಾರ

ಹಾಗಾದರೆ ಜನ ಮುಗಿಬಿದ್ದರೂ ಬೆಲೆ ಏರಲ್ಲವಾ? ಬೇಡಿಕೆ ಏರಿದರೆ ಬೆಲೆ ಏರಬೇಕಲ್ಲ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಮಾರ್ಕೆಟ್ಟಿಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಹಿಂದಿನ ವಾರ ಐವತ್ತಕ್ಕೆ ಸಿಕ್ಕಿದ್ದ ಒಂದು ಮಾರು ಸೇವಂತಿಗೆ ಅವತ್ತು ನೂರೈವತ್ತು. ಚೌಕಾಸಿ ಮಾಡಿದರೆ ಹೂವಿನವಳು ಮುಖವನ್ನೂ ಎತ್ತಿ ನೋಡಲ್ಲ. ಯಾಕಂದರೆ ಅವತ್ತು ಎಷ್ಟು ಹೂವು ಬಿಡಿಸಿದ್ದಾರೋ ಅಷ್ಟೇ. ಇನ್ನೂ ಬೇಕು ಅಂದರೆ ಗಿಡ ಕೊಡಲ್ಲ. ಹೋದ ತಿಂಗಳ ಹೂವನ್ನು ಎತ್ತಿಡೋಕೂ ಆಗಲ್ಲ.

ಬಂಗಾರ ಹಾಗಲ್ಲ. ಅದು ಬಾಡಲ್ಲ. ಲಂಡನ್, ಜ್ಯೂರಿಚ್, ದುಬೈಗಳ ತಿಜೋರಿಗಳಲ್ಲಿ ಬೇಕಾದಷ್ಟು ಇದೆ. ನಮ್ಮಲ್ಲಿ ಹಬ್ಬ ಯಾವತ್ತು ಅಂತ ಪಂಚಾಂಗ ನೋಡಿ ವರ್ಷದ ಮುಂಚೆಯೇ ಹೇಳಬಹುದು. ಹಾಗಾಗಿ ಆಮದು ಮಾಡುವ ಬ್ಯಾಂಕುಗಳು ಮತ್ತು ಸಗಟು ವ್ಯಾಪಾರಿಗಳು ಮುಂಚೆಯೇ ತರಿಸಿಟ್ಟುಕೊಳ್ಳುತ್ತಾರೆ. ಸಾಲದೇ ಹೋದರೆ ಕೆಲವೇ ದಿನಗಳಲ್ಲಿ ವಿಮಾನದಲ್ಲಿ ಇನ್ನಷ್ಟು ಬಂದಿಳಿಯುತ್ತದೆ.

ಆ ಕೆಲವು ದಿನಗಳ ಸಂದಿಯಲ್ಲೇ ಹಬ್ಬ ತನ್ನ ಕೆಲಸ ಮಾಡುವುದು. ದೇಶದೊಳಗಿನ ದಾಸ್ತಾನು ಕರಗುತ್ತಾ ಬಂದಾಗ, ಕೈಯಲ್ಲಿ ಮಾಲು ಇರುವ ಸಗಟು ವ್ಯಾಪಾರಿ ಮೇಲಿನ ಲೆಕ್ಕದ ಬೆಲೆಗಿಂತ ಸ್ವಲ್ಪ ಜಾಸ್ತಿ ಕೇಳುತ್ತಾನೆ. ಇದಕ್ಕೆ ಪ್ರೀಮಿಯಂ ಅನ್ನುತ್ತಾರೆ. ಕೊಳ್ಳುವವರಿಲ್ಲದೆ ಮಾಲು ಬಿದ್ದಿರುವಾಗ ಅದೇ ವ್ಯಾಪಾರಿ ಲೆಕ್ಕದ ಬೆಲೆಗಿಂತ ಕಡಿಮೆಗೆ ಕೊಡುತ್ತಾನೆ. ಅದು ಡಿಸ್ಕೌಂಟ್. ಅಂಗಡಿಯವರು ಆಫರ್ ಅಂತ ಬ್ಯಾನರ್ ಹಾಕುವ ಡಿಸ್ಕೌಂಟ್ ಬೇರೆ, ಇದು ಬೇರೆ. ಇದು ಸಗಟು ಮಟ್ಟದ್ದು, ಔನ್ಸ್‌ಗೆ ಇಷ್ಟು ಡಾಲರ್ ಅಂತ ಲೆಕ್ಕ ಹಿಡಿಯುವಂಥದ್ದು. ಊರಿನ ರೇಟಿನಲ್ಲಿ ಸೀಸನ್ನಿನ ಪಾಲು ಅಂತ ಏನಾದರೂ ಇದ್ದರೆ, ಅದು ಮುಖ್ಯವಾಗಿ ಇದೇ.

ಇದು ಎಷ್ಟು ದೊಡ್ಡದು? ಮೇಲಿನ ಲೆಕ್ಕದಲ್ಲೇ ನೋಡಿ. ಔನ್ಸ್‌ಗೆ 10 ಡಾಲರ್ ಪ್ರೀಮಿಯಂ ಅಂದರೆ 880 ರೂಪಾಯಿ. ಅದನ್ನು 31.1ರಿಂದ ಭಾಗಿಸಿದರೆ ಗ್ರಾಂಗೆ 28 ರೂಪಾಯಿ. 12,000ದ ಮೇಲೆ 28! ಆಷಾಢದಲ್ಲಿ 15 ಡಾಲರ್ ಡಿಸ್ಕೌಂಟ್ ಇದ್ದು, ದೀಪಾವಳಿಗೆ 15 ಡಾಲರ್ ಪ್ರೀಮಿಯಂ ಆಯಿತು ಅಂತಲೇ ಇಟ್ಟುಕೊಳ್ಳಿ. ಎರಡರ ನಡುವಿನ ಅಂತರ ಗ್ರಾಂಗೆ 85 ರೂಪಾಯಿ. ನೂರಕ್ಕೆ ಮುಕ್ಕಾಲು ರೂಪಾಯಿಯೂ ಇಲ್ಲ. ಲಂಡನ್‌ನಲ್ಲಿ ಬೆಲೆ ನೂರಕ್ಕೆ ಒಂದರಷ್ಟು ಆಚೀಚೆ ಆಗುವುದು ದಿನನಿತ್ಯದ ಮಾತು. ಅಷ್ಟಾದರೆ ಸಾಕು, ಇಲ್ಲಿ 120 ರೂಪಾಯಿ ವ್ಯತ್ಯಾಸ. ಒಂದು ಸಾಧಾರಣ ಮಂಗಳವಾರ ಮಾಡುವಷ್ಟು ಏರಿಳಿತವನ್ನು ಇಡೀ ಹಬ್ಬದ ಸೀಸನ್ನು ಮಾಡಲಾರದು.

ನಿಜವಾಗಿ ನಡೆದದ್ದೊಂದು ಹೇಳುತ್ತೇನೆ. 2024ರ ಜುಲೈ 23ರಂದು ಬಜೆಟ್‌ನಲ್ಲಿ ಬಂಗಾರದ ಆಮದು ಸುಂಕ 15ರಿಂದ 6ಕ್ಕೆ ಇಳಿಯಿತು. ಒಂದೇ ದಿನದಲ್ಲಿ 10 ಗ್ರಾಂಗೆ ಸುಮಾರು 4,000 ರೂಪಾಯಿ ಬೆಲೆ ಬಿತ್ತು. ಆಗ ಆಷಾಢ. ಮದುವೆ ಇಲ್ಲ, ಹಬ್ಬ ಇಲ್ಲ. ಆದರೂ ಜನ ಅಂಗಡಿಗಳಿಗೆ ನುಗ್ಗಿದರು. ಮುಂದಿನ ಸೀಸನ್ನಿಗೆ ಬೇಕಾದದ್ದನ್ನು ಆಗಲೇ ಕೊಂಡರು. ಆ ನೂಕುನುಗ್ಗಲಿನಲ್ಲಿ ದೇಶದ ಪ್ರೀಮಿಯಂ ಔನ್ಸ್‌ಗೆ 20 ಡಾಲರ್‌ವರೆಗೆ ಹೋಯಿತು, ಹತ್ತು ವರ್ಷಗಳಲ್ಲೇ ಅತಿ ಹೆಚ್ಚು. ಆಗಿನ ಡಾಲರ್ ಲೆಕ್ಕದಲ್ಲಿ ಅದು ಗ್ರಾಂಗೆ 54 ರೂಪಾಯಿ. ಸುಂಕ ಇಳಿದದ್ದರಿಂದ ಗ್ರಾಂಗೆ 400 ರೂಪಾಯಿ ಉಳಿತಾಯ, ಜನ ಮುಗಿಬಿದ್ದದ್ದರಿಂದ 54 ರೂಪಾಯಿ ಹೆಚ್ಚುವರಿ. ಯಾವುದರ ತೂಕ ಎಷ್ಟು ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

## ನಮ್ಮ ಕಡೆ ಸೀಸನ್ ಯಾವಾಗ?

ಎರಡು ಕ್ಯಾಲೆಂಡರ್ ಸೇರಿ ನಮ್ಮ ಸೀಸನ್ ಆಗುತ್ತದೆ. ಒಂದು ಗೋಡೆ ಮೇಲಿನ ಪಂಚಾಂಗ, ಇನ್ನೊಂದು ಎಪಿಎಂಸಿಯದ್ದು.

ಪಂಚಾಂಗದ ಪ್ರಕಾರ ಮಾಘದಿಂದ ಜ್ಯೇಷ್ಠದವರೆಗೆ ಮದುವೆಗಳು. ಅದರ ನಡುವೆ ಯುಗಾದಿ, ಅಕ್ಷಯ ತೃತೀಯ. ಆಷಾಢ ಖಾಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಜೊತೆಗೆ ಕೆಲವು ಮದುವೆ. ಪಿತೃಪಕ್ಷದಲ್ಲಿ ಹೊಸ ಒಡವೆ ಕೊಳ್ಳುವವರು ಕಡಿಮೆ. ಆಮೇಲೆ ದಸರಾ, ದೀಪಾವಳಿ. ತುಳಸಿ ಪೂಜೆ ಮುಗಿದ ಮೇಲೆ ಕಾರ್ತಿಕ, ಮಾರ್ಗಶಿರದ ಮದುವೆಗಳು. ಧನುರ್ಮಾಸದಲ್ಲಿ ಮತ್ತೆ ತಣ್ಣಗೆ. ಧನ್ತೇರಸ್ ನಮ್ಮ ಕಡೆ ಹಳೆಯ ಪದ್ಧತಿ ಅಲ್ಲ. ಉತ್ತರದಲ್ಲಿ ಅದೇ ದೊಡ್ಡ ದಿನ, ಈಗ ಇಲ್ಲಿನ ಅಂಗಡಿಗಳೂ ಅದಕ್ಕೆ ತೋರಣ ಕಟ್ಟುತ್ತವೆ.

ಆದರೆ ಮುಹೂರ್ತಗಳು ಪ್ರತಿ ವರ್ಷ ಒಂದೇ ಥರ ಇರಲ್ಲ. 2024ರ ಮೇ ತಿಂಗಳಲ್ಲಿ ಗುರು, ಶುಕ್ರ ಎರಡೂ ಅಸ್ತವಾಗಿದ್ದವು. ಮದುವೆಗೆ ಒಳ್ಳೆಯ ಲಗ್ನಗಳೇ ಸಿಗಲಿಲ್ಲ. ಛತ್ರಗಳೂ ಖಾಲಿ, ಬಂಗಾರದ ಅಂಗಡಿಗಳೂ ಖಾಲಿ. ಅಧಿಕ ಮಾಸ ಬಂದರೂ ಹೀಗೇ. "ಮೇ ತಿಂಗಳು ಅಂದರೆ ರಶ್" ಅಂತ ಕಣ್ಣು ಮುಚ್ಚಿ ಹೇಳೋಕೆ ಆಗಲ್ಲ ಅನ್ನೋದು ಅದಕ್ಕೇ.

ಇನ್ನು ಎಪಿಎಂಸಿ ಕ್ಯಾಲೆಂಡರ್. ದಾವಣಗೆರೆ ಸುತ್ತ ಮೆಕ್ಕೆಜೋಳ ಮನೆಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಭದ್ರಾ ನೀರು ಹರಿಯುವ ಕಡೆ ಭತ್ತ ಅದರ ಹಿಂದೆ ಹಿಂದೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲೂ ಆಗಲೇ. ಚಳ್ಳಕೆರೆ ಕಡೆ ಶೇಂಗಾ. ಮಾಲು ಮಾರಿ ಚೀಲದ ದುಡ್ಡು ಕೈಗೆ ಬರುವ ಹೊತ್ತಿಗೇ ಕಾರ್ತಿಕದ ಲಗ್ನಗಳು ಇರುತ್ತವೆ. ಇದು ಕಾಕತಾಳೀಯ ಅಲ್ಲ ಅಲ್ವಾ? ದುಡ್ಡು ಬರುವ ಕಾಲಕ್ಕೇ ಮದುವೆ ಇಟ್ಟುಕೊಂಡವರು ನಮ್ಮ ಹಿರಿಯರು. ಮಳೆ ಕೈಕೊಟ್ಟ ವರ್ಷ ಮದುವೆ ನಿಲ್ಲಲ್ಲ, ತೂಕ ಇಳಿಯುತ್ತದೆ. ಐವತ್ತು ಗ್ರಾಂ ಅಂದುಕೊಂಡವರು ಮೂವತ್ತಕ್ಕೆ ನಿಲ್ಲಿಸುತ್ತಾರೆ. ಬೋರಮಾಳ ಸರದ ಗುಂಡು ಟೊಳ್ಳಾಗುತ್ತದೆ. 2023ರಲ್ಲಿ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತ್ತು. ಅಂಥ ವರ್ಷದಲ್ಲೂ ಬೋರ್ಡಿನ ರೇಟು ನಮ್ಮ ಬರ ನೋಡಿ ಇಳಿಯಲಿಲ್ಲ. ಬೇಡಿಕೆ ಊರಿನದ್ದು, ಬೆಲೆ ಜಗತ್ತಿನದ್ದು. ರೈತರಿಗೆ ಇದರಲ್ಲೇ ಎರಡು ಕಡೆಯ ಪೆಟ್ಟು.

ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಸಗಟು ಬೇಡಿಕೆ ಏರುವುದು ಹಬ್ಬದ ದಿನ ಅಲ್ಲ. ಅಂಗಡಿಯವರು ಗಟ್ಟಿ ತಂದು, ಕೆಲಸಗಾರರಿಗೆ ಕೊಟ್ಟು, ಒಡವೆ ಮಾಡಿಸಿ, ಹಾಲ್‌ಮಾರ್ಕ್ ಹಾಕಿಸಿ ಶೋಕೇಸಿಗೆ ಇಡಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ಪ್ರೀಮಿಯಂ ಹಬ್ಬಕ್ಕೆ ಮುಂಚಿನ ವಾರಗಳಲ್ಲೇ ಏರಲು ಶುರುವಾಗುತ್ತದೆ. ನಾವು ಹಬ್ಬದ ದಿನ ಸಾಲಿನಲ್ಲಿ ನಿಂತಾಗ ಅದು ಆಗಲೇ ರೇಟಿನೊಳಗೆ ಸೇರಿಹೋಗಿರುತ್ತದೆ.

## ಆ ಎಂಟು ದಿನ ಏನಾಯಿತು?

ಈಗ ಚಿಕ್ಕಪ್ಪನ ಕಥೆಗೆ ಬರೋಣ. ಏಪ್ರಿಲ್ 22ರಂದು ಜಗತ್ತಿನ ಪೇಟೆಯಲ್ಲಿ ಬಂಗಾರ ಔನ್ಸ್‌ಗೆ 3,500 ಡಾಲರ್ ಮುಟ್ಟಿತ್ತು. ಕಾರಣ ಅಕ್ಷಯ ತೃತೀಯ ಅಲ್ಲ. ಅಮೆರಿಕ ಮತ್ತು ಚೀನಾ ಒಬ್ಬರ ಮೇಲೊಬ್ಬರು ಸುಂಕ ಏರಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರು ತಮ್ಮದೇ ಕೇಂದ್ರ ಬ್ಯಾಂಕಿನ ಮುಖ್ಯಸ್ಥರ ಮೇಲೆ ಹರಿಹಾಯುತ್ತಿದ್ದರು. ಡಾಲರ್ ಸೋತಿತ್ತು. ಹೆದರಿದ ಹೂಡಿಕೆದಾರರು ಬಂಗಾರಕ್ಕೆ ಓಡಿದರು. ಆಮೇಲಿನ ದಿನಗಳಲ್ಲಿ ಚೀನಾದ ಬಗ್ಗೆಯೂ ಬ್ಯಾಂಕಿನ ಮುಖ್ಯಸ್ಥರ ಬಗ್ಗೆಯೂ ಅಧ್ಯಕ್ಷರ ಮಾತು ಮೆತ್ತಗಾಯಿತು. ಅಕ್ಷಯ ತೃತೀಯದ ದಿನ, ಏಪ್ರಿಲ್ 30ಕ್ಕೆ, ಬೆಲೆ 3,300ರ ಕೆಳಗೆ ಬಂದಿತ್ತು. ವರ್ಷದಲ್ಲೇ ಭಾರತದವರು ಅತಿ ಹೆಚ್ಚು ಬಂಗಾರ ಕೊಳ್ಳುವ ದಿನಗಳಲ್ಲೊಂದು ಹತ್ತಿರ ಬಂದರೂ ಬೆಲೆ ಏರುವ ಬದಲು ಇಳಿಯಿತು.

ಅದೇ ವರ್ಷ ದೀಪಾವಳಿಗೂ ಹೀಗೇ ಆಯಿತು. ಅಕ್ಟೋಬರ್ 20ರಂದು ಬೆಲೆ 4,380 ಡಾಲರ್ ಹತ್ತಿರ ಹೋಗಿ, ಮಾರನೇ ದಿನ ನೂರಕ್ಕೆ ಐದರಷ್ಟು ಕುಸಿಯಿತು.

ಇದರಿಂದ "ಹಬ್ಬದಲ್ಲಿ ಬೆಲೆ ಇಳಿಯುತ್ತೆ" ಅಂತ ಸೂತ್ರ ಕಟ್ಟಬೇಡಿ. ಹಬ್ಬಕ್ಕೆ ಏರಿದ ವರ್ಷಗಳೂ ಬೇಕಾದಷ್ಟಿವೆ. ಹಬ್ಬದ ಹತ್ತಿರ ಬೆಲೆ ಎತ್ತ ಹೋಗುತ್ತೆ ಅನ್ನೋದನ್ನು ಹಬ್ಬ ತೀರ್ಮಾನ ಮಾಡಲ್ಲ ಅನ್ನೋದಷ್ಟೇ ಇದರ ಅರ್ಥ.

## ಮಜೂರಿ: ಸೀಸನ್ ನಿಜವಾಗಿ ಕಚ್ಚುವ ಜಾಗ

ಬಂಗಾರ ವಿಮಾನದಲ್ಲಿ ಬರುತ್ತೆ. ಪತ್ತಾರರ ಕೈ ವಿಮಾನದಲ್ಲಿ ಬರಲ್ಲ.

ಹೂವಿನ ಲೆಕ್ಕ ಬಂಗಾರದಲ್ಲಿ ಎಲ್ಲಾದರೂ ಅನ್ವಯಿಸಿದರೆ ಅದು ಇಲ್ಲಿ. ಒಬ್ಬ ಅಕ್ಕಸಾಲಿಗ ದಿನಕ್ಕೆ ಇಷ್ಟೇ ಕೆಲಸ ಮಾಡಬಲ್ಲ. ಅವಲಕ್ಕಿ ಸರದ ಒಂದೊಂದು ಎಸಳನ್ನೂ ಕೂರಿಸಬೇಕು, ಬೆಸುಗೆ ಹಾಕಬೇಕು, ಮೆರುಗು ಕೊಡಬೇಕು. ನೂರು ಮನೆಯವರು ಒಂದೇ ಲಗ್ನಕ್ಕೆ ತಾಳಿ, ಗುಂಡು, ಝುಮಕಿ ಕೇಳಿದರೆ ಕೈಗಳು ಸಾಲಲ್ಲ. ಆಗ ಎರಡು ಬದಲಾವಣೆ ಕಾಣುತ್ತವೆ. ಹತ್ತು ದಿನದಲ್ಲಿ ಆಗುತ್ತಿದ್ದ ಕೆಲಸಕ್ಕೆ "ಇಪ್ಪತ್ತು ದಿನ ಆಗುತ್ತೆ ಸಾರ್" ಅನ್ನುತ್ತಾರೆ. ಮಜೂರಿಯಲ್ಲಿ ಒಂದು ಪೈಸೆ ಬಿಡಲ್ಲ. ಆಷಾಢದಲ್ಲಿ ಅದೇ ಅಂಗಡಿಯವರು ಕರೆದು ಮಜೂರಿ ಇಳಿಸುತ್ತಾರೆ. ಯಾಕಂದರೆ ಕೆಲಸಗಾರರನ್ನು ಸುಮ್ನೆ ಕೂರಿಸಿ ಸಂಬಳ ಕೊಡೋಕೆ ಆಗಲ್ಲ.

ಮಜೂರಿಯನ್ನು ಬಂಗಾರದ ಬೆಲೆಯ ನೂರಕ್ಕೆ ಇಷ್ಟು ಅಂತ ಹಾಕುವುದು ಈಗಿನ ರೂಢಿ. ಕೆಲವರು ಅದನ್ನೇ ವೇಸ್ಟೇಜ್ ಅಂತ ಬರೆಯುತ್ತಾರೆ. ಹೆಸರು ಯಾವುದಾದರೂ ದುಡ್ಡು ಒಂದೇ. ಇಲ್ಲಿ ಒಂದು ಸೂಕ್ಷ್ಮ ಇದೆ. ರೇಟು ಏರಿದಾಗ ಪತ್ತಾರರ ಶ್ರಮ ಏರಲ್ಲ, ಆದರೆ ಮಜೂರಿ ರೂಪಾಯಿ ಲೆಕ್ಕದಲ್ಲಿ ತಾನಾಗಿಯೇ ಏರುತ್ತದೆ. ಗ್ರಾಂಗೆ 5,500 ಇದ್ದಾಗ ನೂರಕ್ಕೆ 12 ಅಂದರೆ 660 ರೂಪಾಯಿ. 11,000 ಆದಾಗ ಅದೇ ಸರಕ್ಕೆ, ಅದೇ ಕೈಗೆಲಸಕ್ಕೆ, 1,320.

ಈಗ ಒಂದು ಮದುವೆಯ ಲೆಕ್ಕ ಪೂರ್ತಿ ಮಾಡೋಣ. 40 ಗ್ರಾಂ ಒಡವೆ, ರೇಟು 11,000. ಬಂಗಾರದ ಬೆಲೆ 4,40,000. ಸೀಸನ್ನಿನಲ್ಲಿ ಮಜೂರಿ ನೂರಕ್ಕೆ 12 ಅಂದರೆ 52,800. ಎರಡೂ ಸೇರಿ 4,92,800. ಅದರ ಮೇಲೆ ಜಿಎಸ್‌ಟಿ 3ರಂತೆ 14,784. ಒಟ್ಟು 5,07,584 ರೂಪಾಯಿ. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ ಐವತ್ತು ಚಿಲ್ಲರೆ ರೂಪಾಯಿ, ಅದನ್ನು ಬಿಟ್ಟುಬಿಡಿ.

ಅದೇ ಒಡವೆ, ಅದೇ ರೇಟು, ಆಷಾಢದಲ್ಲಿ ಮಜೂರಿ 8 ಅಂತ ಇಟ್ಟುಕೊಳ್ಳಿ. ಮಜೂರಿ 35,200. ಜಿಎಸ್‌ಟಿ 14,256. ಒಟ್ಟು 4,89,456. ವ್ಯತ್ಯಾಸ 18,128 ರೂಪಾಯಿ.

ಇದರ ಪಕ್ಕದಲ್ಲಿ ಪ್ರೀಮಿಯಂ ಇಟ್ಟು ನೋಡಿ. ಆಷಾಢದ ಡಿಸ್ಕೌಂಟಿನಿಂದ ದೀಪಾವಳಿಯ ಪ್ರೀಮಿಯಂವರೆಗೆ ಗ್ರಾಂಗೆ 85 ರೂಪಾಯಿ ಅಂದೆವು. 22 ಕ್ಯಾರೆಟ್‌ಗೆ ಅದು 78. 40 ಗ್ರಾಂಗೆ 3,120. ಅಂದರೆ ಸೀಸನ್ನಿನ ಕಾರಣಕ್ಕೆ ನಾವು ಹೆಚ್ಚಾಗಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಮಜೂರಿಯದ್ದು. ಬೋರ್ಡಿನ ರೇಟಿನದ್ದು ಚಿಲ್ಲರೆ. ನಾವು ಮಾತ್ರ ರೇಟು ಹತ್ತು ರೂಪಾಯಿ ಇಳೀತಾ ಅಂತ ದಿನಕ್ಕೆ ನಾಲ್ಕು ಸಲ ಮೊಬೈಲ್ ನೋಡುತ್ತೇವೆ, ಮಜೂರಿ ಎಷ್ಟು ಅಂತ ಬಿಲ್ ಮಾಡುವಾಗ ಕೇಳುತ್ತೇವೆ. ಆ ಅಭ್ಯಾಸ ತಿರುವು ಮುರುವಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಒಂದು ಮಿತಿಯನ್ನೂ ಹೇಳಬೇಕು. ಆಷಾಢದಲ್ಲಿ ಮಜೂರಿ ಉಳಿಸಲು ಕೊಂಡಿಟ್ಟು, ಕಾರ್ತಿಕದ ಹೊತ್ತಿಗೆ ಜಗತ್ತಿನ ಬೆಲೆಯೇ ನೂರಕ್ಕೆ ಹತ್ತು ಇಳಿದರೆ ಉಳಿತಾಯ ಕೊಚ್ಚಿಹೋಗುತ್ತದೆ. ಏರಿದರೆ ಲಾಭ. ಅದು ಯಾರ ಕೈಯಲ್ಲೂ ಇಲ್ಲ. ಮಜೂರಿಯ ಉಳಿತಾಯ ಮಾತ್ರ ಕೈಯಲ್ಲಿರುವಂಥದ್ದು.

ಇನ್ನು "ಮಜೂರಿ ಸೊನ್ನೆ" ಅನ್ನುವ ಹಬ್ಬದ ಬ್ಯಾನರ್. ಪತ್ತಾರರು ಪುಕ್ಕಟೆ ಕೆಲಸ ಮಾಡಲ್ಲ, ಆ ದುಡ್ಡು ಬೇರೆ ಕಡೆಯಿಂದ ಬರಲೇಬೇಕು. ಪರೀಕ್ಷೆ ಸುಲಭ. ಅವತ್ತಿನ 24 ಕ್ಯಾರೆಟ್ ರೇಟನ್ನು ಬೇರೆ ಎರಡು ಅಂಗಡಿಗಳಲ್ಲಿ ಕೇಳಿ, 0.916ರಿಂದ ಗುಣಿಸಿ. ಬ್ಯಾನರ್ ಹಾಕಿದವರ 22 ಕ್ಯಾರೆಟ್ ರೇಟು ಅದಕ್ಕಿಂತ ಗ್ರಾಂಗೆ ನೂರಾರು ರೂಪಾಯಿ ಜಾಸ್ತಿ ಇದ್ದರೆ ಮಜೂರಿ ಎಲ್ಲಿ ಅಡಗಿದೆ ಅಂತ ಗೊತ್ತಾಗುತ್ತದೆ. ರೇಟೂ ಸರಿ ಇದ್ದರೆ ಕಲ್ಲಿನ ಕಡೆ ನೋಡಿ. ಕಲ್ಲಿನ ತೂಕ ಕಳೆಯದೆ ಒಟ್ಟು ತೂಕಕ್ಕೇ ಬಂಗಾರದ ರೇಟು ಹಾಕಿದ್ದಾರಾ ಅಂತ.

## ಹಳೇ ಬಂಗಾರ: ಮನೆಯಿಂದಲೇ ಬರುವ ಗಣಿ

ಬೆಲೆ ಇಷ್ಟು ಏರಿದ ಮೇಲೆ ಪೂರ್ತಿ ದುಡ್ಡು ಕೊಟ್ಟು ಮದುವೆ ಒಡವೆ ಕೊಳ್ಳುವವರು ಕಡಿಮೆಯಾಗಿದ್ದಾರೆ. ಅಜ್ಜಿಯ ಪಾಟ್ಲಿ, ಅಮ್ಮನ ಎರಡೆಳೆ ಸರ ಮುರಿಸಿ ಮಗಳಿಗೆ ಹೊಸದು ಮಾಡಿಸುತ್ತಾರೆ. ಮನಸ್ಸಿಗೆ ಕಷ್ಟವಾದರೂ ಲೆಕ್ಕದಲ್ಲಿ ಇದು ಮಾರುಕಟ್ಟೆಗೆ ಹೊಸ ಬಂಗಾರ ಬಂದ ಹಾಗೇ. ಹೊರಗಿನಿಂದ ತರಿಸಬೇಕಾದದ್ದು ಅಷ್ಟು ಕಡಿಮೆಯಾಗುತ್ತದೆ. ಬೆಲೆ ಏರಿದ ವರ್ಷ ಸೀಸನ್ನಿನಲ್ಲೂ ಪ್ರೀಮಿಯಂ ಏರದೆ, ಕೆಲವೊಮ್ಮೆ ಡಿಸ್ಕೌಂಟ್‌ನಲ್ಲೇ ಉಳಿಯಲು ಇದೂ ಒಂದು ಕಾರಣ.

ಚಿಕ್ಕಮ್ಮ ತಮ್ಮ ತಾಯಿಯ ಬಳೆಗಳನ್ನು ಮುರಿಸುವಾಗ ನಾನೂ ಜೊತೆಗಿದ್ದೆ. ತಕ್ಕಡಿಯಲ್ಲಿ ಇಟ್ಟಾಗ 32 ಗ್ರಾಂ. ಪತ್ತಾರರು ಬಳೆಯನ್ನು ಕತ್ತರಿಸಿ, ಒಳಗಿದ್ದ ಅರಗನ್ನು ಬೆಂಕಿಗೆ ಹಿಡಿದು ತೆಗೆದರು. ಕಪ್ಪು ಹೊಗೆ ಎದ್ದಿತು, ಅಂಗಡಿ ತುಂಬ ಅರಗಿನ ವಾಸನೆ. ಆಮೇಲೆ ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ ಕರಗಿಸಿದರು. ತಣ್ಣಗಾದ ಮೇಲೆ ಸಿಕ್ಕಿದ್ದು ಹುಣಸೆ ಬೀಜದಷ್ಟು ದಪ್ಪದ ಒಂದು ಉಂಡೆ. 30 ಗ್ರಾಂ. ಅದನ್ನು ಯಂತ್ರದಲ್ಲಿಟ್ಟು ನೋಡಿದಾಗ ನೂರಕ್ಕೆ 85 ಬಂಗಾರ ಅಂತ ಬಂತು. ಚಿಕ್ಕಮ್ಮ ತಮ್ಮ ತಾಯಿಗೇ ಮೋಸ ಆಗಿತ್ತಲ್ಲ ಅಂತ ಕಣ್ಣೀರು ಹಾಕಿಕೊಂಡರು.

ಪೂರ್ತಿ ಮೋಸ ಅನ್ನೋಕೆ ಆಗಲ್ಲ. ಆಗ ಹಾಲ್‌ಮಾರ್ಕ್ ಇರಲಿಲ್ಲ. ಬೆಸುಗೆಗೆ ಕೀಳು ಬಂಗಾರ ಬಳಸುತ್ತಿದ್ದರು, ಮುರಿದು ಕರಗಿಸಿದಾಗ ಅದೂ ಸೇರಿ ಒಟ್ಟು ಶುದ್ಧತೆ ಇಳಿಯುತ್ತದೆ. 30 ಗ್ರಾಂನಲ್ಲಿ 85 ಪಾಲು ಅಂದರೆ ಅಪ್ಪಟ ಬಂಗಾರ 25.5 ಗ್ರಾಂ. ಅದನ್ನು 0.916ರಿಂದ ಭಾಗಿಸಿದರೆ ಹೊಸ 22 ಕ್ಯಾರೆಟ್ ಒಡವೆಯ ಲೆಕ್ಕದಲ್ಲಿ 27.8 ಗ್ರಾಂ. 32 ಅಂದುಕೊಂಡು ಹೋದವರಿಗೆ 27.8. ಈ 4.2 ಗ್ರಾಂ ಅಂತರದ ಬೆಲೆ ನಮ್ಮ ದುಂಡು ಲೆಕ್ಕದಲ್ಲಿ ಸುಮಾರು 46,000 ರೂಪಾಯಿ. ಮದುವೆಗೆ ಹದಿನೈದು ದಿನ ಇರುವಾಗ ಇದು ಗೊತ್ತಾದರೆ ಮನೆಯವರ ಎದೆ ಒಡೆಯುತ್ತದೆ. ಹಾಗಾಗಿ ಹಳೇ ಬಂಗಾರ ಕೊಡುವುದಿದ್ದರೆ ಅಂಗಡಿ ಖಾಲಿ ಇರುವ ತಿಂಗಳಲ್ಲೇ ಶುದ್ಧತೆ ನೋಡಿಸಿಟ್ಟುಕೊಳ್ಳಿ. ಕರಗಿಸುವ ಮುಂಚಿನ ತೂಕ, ಕರಗಿಸಿದ ಮೇಲಿನ ತೂಕ, ಶುದ್ಧತೆ, ಈ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಸೀಸನ್ನಿನ ರಶ್‌ನಲ್ಲಿ ಒಳಗಿನ ಕೋಣೆಗೆ ತೆಗೆದುಕೊಂಡು ಹೋಗಿ ಬಂದು "ಇಷ್ಟಾಯ್ತು" ಅಂದರೆ ಒಪ್ಪಬೇಡಿ, ಕಣ್ಣೆದುರಿಗೇ ಕರಗಿಸಲಿ.

## ಚಿಕ್ಕಪ್ಪನ ಚೀಟಿಯಲ್ಲಿ ಇಲ್ಲದ ಒಂದು ಸಾಲು

ಬೆಲೆ ಇಳಿದ ಮೇಲೆ ಚಿಕ್ಕಪ್ಪ ಬುಕಿಂಗ್ ಚೀಟಿ ಹಿಡಿದು ಅಂಗಡಿಗೆ ಹೋದರು. ಅದರಲ್ಲಿ ತೂಕ, ಅವತ್ತಿನ ರೇಟು, ಕೊಟ್ಟ ಅಡ್ವಾನ್ಸ್ ಇತ್ತು. ಅಂಗಡಿಯವರು ಅದೇ ರೇಟಿಗೆ ಬಿಲ್ ಮಾಡುತ್ತೇವೆ ಅಂದರು. ಅವರ ಮಾತಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಅಡ್ವಾನ್ಸ್ ತೆಗೆದುಕೊಂಡ ದಿನವೇ ಅವರು ಸಗಟು ವ್ಯಾಪಾರಿಯ ಹತ್ತಿರ ಅಷ್ಟು ಬಂಗಾರಕ್ಕೆ ರೇಟು ಕಟ್ಟಿಸಿಟ್ಟಿದ್ದರೆ, ಇಳಿದ ನಷ್ಟ ಅವರ ಮೇಲೆ ಬೀಳುತ್ತದೆ.

ಆದರೆ ಸೀಸನ್ನಿನಲ್ಲಿ ಗಿರಾಕಿ ಸೆಳೆಯಲು ಎಷ್ಟೋ ಅಂಗಡಿಗಳು ಬೇರೆ ಷರತ್ತು ಕೊಡುತ್ತವೆ. ಬುಕ್ ಮಾಡಿದ ದಿನದ ರೇಟು, ಒಡವೆ ಒಯ್ಯುವ ದಿನದ ರೇಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಏರಿದರೆ ನಾವು ಬಚಾವ್, ಇಳಿದರೂ ಬಚಾವ್. ಇದಕ್ಕೆ ಬೆಲೆಯ ದೊಡ್ಡ ಪಾಲನ್ನು ಮೊದಲೇ ಕಟ್ಟಬೇಕು ಅನ್ನಬಹುದು, ಇಂತಿಷ್ಟು ದಿನದೊಳಗೆ ಒಯ್ಯಬೇಕು ಅನ್ನಬಹುದು. ಅದನ್ನೂ ಸೇರಿಸಿ ಷರತ್ತು ಚೀಟಿಯ ಮೇಲೆ ಬರೆದಿರಬೇಕು. ಮಜೂರಿ ನೂರಕ್ಕೆ ಎಷ್ಟು ಅನ್ನೋದನ್ನೂ ಅವತ್ತೇ ಬರೆಸಬೇಕು. ರೇಟು ಕಟ್ಟಿ ಮಜೂರಿ ಬಿಟ್ಟರೆ, ಡೆಲಿವರಿ ದಿನ ಆ ಕಡೆಯಿಂದ ಬಾಗಿಲು ತೆರೆದೇ ಇರುತ್ತದೆ.

ಒಡವೆ ಕೈಗೆ ಬಂದಾಗ ಅದರ ಮೇಲೆ ಬಿಐಎಸ್ ಗುರುತು, 22K916 ಅನ್ನುವ ಮುದ್ರೆ, ಆರು ಅಕ್ಷರ ಮತ್ತು ಅಂಕಿಗಳ HUID ಅನ್ನುವ ಗುರುತಿನ ಸಂಖ್ಯೆ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಅಂದರೆ ಇದೇ. `BIS Care` ಆ್ಯಪ್‌ನಲ್ಲಿ ಆ ಆರನ್ನು ಹಾಕಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು ಅಂತ ತೋರಿಸುತ್ತದೆ. ಸರದ HUID ಹಾಕಿದಾಗ ಉಂಗುರ ಅಂತ ಬಂದರೆ ಆ ಒಡವೆ ತೆಗೆದುಕೊಳ್ಳಬೇಡಿ.

ಚಿಕ್ಕಪ್ಪನ ಒಡವೆ ಸರಿಯಾಗಿತ್ತು. ತೂಕವೂ ಸರಿ, ಮುದ್ರೆಯೂ ಸರಿ. ಈಗ ಅವರ ಎರಡನೇ ಮಗಳಿಗೆ ಗಂಡು ನೋಡುತ್ತಿದ್ದಾರೆ. ಚಿಕ್ಕಮ್ಮ ಈ ಸಲ ಆಷಾಢದಲ್ಲೇ ಮಂಡಿಪೇಟೆಗೆ ಹೋಗಿ ಬಂದರು. ಬಂದವರು ರೇಟು ಹೇಳಲಿಲ್ಲ. "ಮಜೂರಿ ಎಂಟಕ್ಕೆ ಒಪ್ಪಿಸಿದೀನಿ, ಚೀಟಿ ಮೇಲೆ ಬರೆಸ್ಕೊಂಡೂ ಬಂದೀನಿ" ಅಂದರು.